ಹೆಸರಳಿಸಿದ ಹೆಡ್‌ಫೋನಿಗೆ ಹೊಸ ಪ್ಯಾಡ್

ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನನ್ನು ಕೆಲವು ವರ್ಷ ಬಳಸಿದವರಿಗೆ ಈ ಪಾಡು ಗೊತ್ತು. ಕಿವಿಯಿಂದ ತೆಗೆದರೆ ಕೆನ್ನೆಗೆ, ಕೂದಲಿಗೆ, ಅಂಗಿಯ ಕಾಲರಿಗೆ ಕಪ್ಪು ಹೊಟ್ಟು ಅಂಟಿರುತ್ತದೆ. ಕೊಡವಿದಷ್ಟೂ ಮತ್ತೆ ಉದುರುತ್ತದೆ. ಹೆಡ್‌ಫೋನಿಗೆ ಬೇರೆ ಯಾವ ರೋಗವೂ ಇರುವುದಿಲ್ಲ. ಹಾಡು ಚೆನ್ನಾಗಿಯೇ ಕೇಳುತ್ತದೆ, ಬ್ಯಾಟರಿ ನಿಲ್ಲುತ್ತದೆ. ಕೆಟ್ಟಿರುವುದು ಕಿವಿಯ ಸುತ್ತಲಿನ ಮೆತ್ತೆ, ಅಂದರೆ ಇಯರ್ ಪ್ಯಾಡ್ ಮಾತ್ರ.

ಆ ಮೆತ್ತೆಯ ಹೊದಿಕೆ ಸಾಮಾನ್ಯವಾಗಿ ಚರ್ಮವಲ್ಲ. ತೆಳು ಬಟ್ಟೆಯ ಮೇಲೆ ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್ಕಿನ ಇನ್ನೂ ತೆಳುವಾದ ಪದರ ಎಳೆದಿರುತ್ತಾರೆ, ನಾವು ರೆಕ್ಸಿನ್ ಎನ್ನುವ ಜಾತಿಯದೇ. ಗಾಳಿಯಲ್ಲಿರುವ ತೇವ ಆ ಪದರದ ಅಣುಗಳ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಬೆವರು, ಚರ್ಮದ ಜಿಡ್ಡು, ಸೆಖೆ ಸೇರಿದರೆ ಕೆಲಸ ಬೇಗ ಮುಗಿಯುತ್ತದೆ. ಮಂಗಳೂರು, ಕಾರವಾರದ ಕಡೆ ಬೀರುವಿನಲ್ಲಿ ಸುಮ್ಮನೆ ಇಟ್ಟ ಹೆಡ್‌ಫೋನೂ ಉದುರುವುದು ಇದೇ ಕಾರಣಕ್ಕೆ. ಬಳಸದಿದ್ದರೆ ಉಳಿಯುತ್ತದೆ ಎನ್ನುವಂತಿಲ್ಲ. ಹಾಗಾಗಿ ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ‘ಹೊಸ’ ಪ್ಯಾಡ್ ಕೊಂಡರೂ ಅದರ ಅರ್ಧ ಆಯಸ್ಸು ಮುಗಿದಿರಬಹುದು.

ಪ್ಯಾಡ್ ಬದಲಿಸುವುದು ಕಷ್ಟದ ಕೆಲಸವಲ್ಲ. ಕಷ್ಟ ಇರುವುದು ಅದಕ್ಕೂ ಮೊದಲು. ಆನ್‌ಲೈನ್ ಅಂಗಡಿ ಮಾಡೆಲ್ ಹೆಸರು ಕೇಳುತ್ತದೆ. ಡಬ್ಬಿ ಯಾವತ್ತೋ ರದ್ದಿಗೆ ಹೋಗಿದೆ, ಬಿಲ್ ಸಿಗುವುದಿಲ್ಲ. ಹೆಡ್‌ಫೋನೇ ಅಣ್ಣನದೋ ಗೆಳೆಯನದೋ ಕೈದಾಟಿ ಬಂದದ್ದು. ಕೊನೆಗೆ ಎಲ್ಲರೂ ಮಾಡುವುದು ಒಂದೇ. ಎರಡು ಫೋಟೋ ತೆಗೆದು ಗೊತ್ತಿದ್ದವರಿಗೆ ಕಳಿಸಿ, ‘ಇದು ಯಾವುದು ನೋಡಿ’ ಎನ್ನುವುದು. ಆ ಫೋಟೋಗಳಲ್ಲಿ ಹತ್ತಕ್ಕೆ ಎಂಟು ನಿರುಪಯೋಗಿ. ಮೇಜಿನ ಮೇಲೆ ಹೆಡ್‌ಫೋನನ್ನು ಚೆಂದವಾಗಿ ಇಟ್ಟು ಮುಂದಿನಿಂದ ತೆಗೆದಿರುತ್ತಾರೆ. ಗುರುತು ಹೇಳುವ ಜಾಗಗಳೆಲ್ಲ ಹಿಂದೆ, ಒಳಗೆ, ಅಡಿಯಲ್ಲಿ ಇರುತ್ತವೆ.

ಮೊದಲು ನೋಡಬೇಕಾದದ್ದು ಹೆಡ್‌ಬ್ಯಾಂಡಿನ ಎರಡು ತುದಿಗಳ ಒಳಮೈ, ಅಂದರೆ ಹಾಕಿಕೊಂಡಾಗ ತಲೆಗೆ ತಾಗುವ ಕಡೆ. ತಲೆಯ ಅಳತೆಗೆ ತಕ್ಕಂತೆ ಎಳೆಯುವ ಸ್ಲೈಡರನ್ನು ಪೂರ್ತಿ ಹೊರಗೆ ಎಳೆಯಬೇಕು. ಎಷ್ಟೋ ಮಾಡೆಲ್‌ಗಳ ಹೆಸರು ಸ್ಲೈಡರಿನ ಹತ್ತಿರ, ಕಪ್ ಸೇರುವ ಹಿಂಜಿನ ಬಳಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಅಲ್ಲಿ ಇಲ್ಲದಿದ್ದರೆ ಪ್ಯಾಡ್ ಕಿತ್ತು ಕಪ್‌ನ ಒಳಗೆ ನೋಡಬೇಕು. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್‌ನಲ್ಲಿ ಪ್ಯಾಡ್ ನಿಂತಿರುವುದು ಆಯಸ್ಕಾಂತದಿಂದ. ಎಳೆದರೆ ಬರುತ್ತದೆ, ಮಾಡೆಲ್ ನಂಬರ್ ಒಳಗಿರುತ್ತದೆ.

ಅಕ್ಷರ ಸವೆದಿದ್ದರೆ ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ. ಎದುರಿನಿಂದ ಬೀಳುವ ಬೆಳಕು ಇದ್ದಬದ್ದ ಗುರುತನ್ನೂ ಅಳಿಸಿಬಿಡುತ್ತದೆ. ಕೋಣೆ ಕತ್ತಲು ಮಾಡಿ, ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ, ಮೇಲ್ಮೈಗೆ ಹೆಚ್ಚುಕಡಿಮೆ ಒರಗಿಸಿ ಹಿಡಿಯಿರಿ. ಉಬ್ಬುತಗ್ಗುಗಳ ನೆರಳು ಎದ್ದು, ಬಣ್ಣ ಹೋದ ಅಕ್ಷರವೂ ಓದಲು ಸಿಗುತ್ತದೆ. ಕೆತ್ತಿದ ಅಕ್ಷರವಾದರೆ ಮೇಲೆ ಸೀಮೆಸುಣ್ಣ ಉಜ್ಜಿ ಬೆರಳಿನಿಂದ ಒರೆಸಿ. ಪುಡಿ ತಗ್ಗಿನಲ್ಲಿ ಉಳಿದು ಅಕ್ಷರ ಬೆಳ್ಳಗೆ ಕಾಣುತ್ತದೆ. ಬರೀ ಮುದ್ರಿಸಿದ ಅಕ್ಷರಕ್ಕೆ ಈ ಉಪಾಯ ನಡೆಯುವುದಿಲ್ಲ, ಉಜ್ಜಿದರೆ ಉಳಿದದ್ದೂ ಹೋಗುತ್ತದೆ.

ಓದಲು ಸಿಕ್ಕ ಎಲ್ಲ ನಂಬರೂ ಮಾಡೆಲ್ ನಂಬರಲ್ಲ. ಭಾರತದಲ್ಲಿ ಮಾರುವ ವಸ್ತುವಿನ ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ಬಿಐಎಸ್ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಸಂಜೆ ಕಳೆದವರಿದ್ದಾರೆ. ಆ ಸಂಖ್ಯೆ ಯಾವ ಕಾರ್ಖಾನೆಗೆ ನೋಂದಣಿ ಸಿಕ್ಕಿದೆ ಎನ್ನುವುದನ್ನು ಹೇಳುತ್ತದೆ, ನಿಮ್ಮ ಕೈಯಲ್ಲಿರುವ ಮಾಡೆಲ್ ಯಾವುದು ಎಂದು ಹೇಳುವುದಿಲ್ಲ. ಡಬ್ಬಿಯ ಮೇಲಿನ ‘40 ಎಂಎಂ’, ‘50 ಎಂಎಂ’ ಕೂಡ ಇಂಥದ್ದೇ. ಅದು ಒಳಗಿನ ಸ್ಪೀಕರಿನ ವ್ಯಾಸ. ಅದನ್ನು ಪ್ಯಾಡಿನ ಅಳತೆ ಎಂದುಕೊಂಡು ಆರ್ಡರ್ ಮಾಡಿದರೆ ಬರುವುದು ಕಿವಿಗಿಂತ ಚಿಕ್ಕದು.

ಬ್ಲೂಟೂತ್ ಹೆಡ್‌ಫೋನು ಇನ್ನೂ ಚಾಲೂ ಆಗುತ್ತಿದ್ದರೆ ಇಷ್ಟೆಲ್ಲ ಕಸರತ್ತು ಬೇಡ. ಫೋನಿಗೆ ಜೋಡಿಸಿದಾಗ ಪಟ್ಟಿಯಲ್ಲಿ ಕಾಣುವ ಹೆಸರು ಬಹಳ ಸಲ ಮಾಡೆಲ್ ಹೆಸರೇ. ಆದರೆ ನಕಲಿ ಮಾಲು ಕೂಡ ಅಸಲಿಯ ಹೆಸರನ್ನೇ ತೋರಿಸುತ್ತದೆ, ಅಸಲಿಗೆ ಮಾಡಿದ ಪ್ಯಾಡ್ ನಕಲಿಗೆ ಕೂರುತ್ತದೆ ಎನ್ನುವ ಭರವಸೆಯಿಲ್ಲ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಕೊಂಡ ‘ಬ್ರ್ಯಾಂಡೆಡ್’ ಆಗಿದ್ದರೆ ಪರದೆಯ ಮೇಲಿನ ಹೆಸರು ನಂಬದೆ ಅಳತೆ ತೆಗೆಯುವುದೇ ಲೇಸು.

ಮಾಡೆಲ್ ಪತ್ತೆಗೆ ಹೊರಟವರು ಮರೆಯುವ ಮಾತೊಂದಿದೆ. ನಮಗೆ ಬೇಕಾಗಿರುವುದು ಹೆಡ್‌ಫೋನಿನ ಜಾತಕವಲ್ಲ, ಅದರ ಪ್ಯಾಡ್ ಯಾವುದು ಎಂಬುದಷ್ಟೇ. ಎಷ್ಟೋ ಅವಳಿಗಳಿಗೆ ಒಂದೇ ಪ್ಯಾಡ್. ಬೋಸ್ ಕಂಪನಿಯ ಕ್ಯೂಸಿ35 ಬಂದದ್ದು 2016ರಲ್ಲಿ, ಅದರ ಎರಡನೆಯ ಆವೃತ್ತಿ 2017ರಲ್ಲಿ. ಎರಡನೆಯದರ ಎಡ ಕಪ್‌ನಲ್ಲಿ ಒಂದು ಬಟನ್ ಹೆಚ್ಚಿದೆ. ಅದನ್ನು ಬಿಟ್ಟರೆ ಫೋಟೋದಲ್ಲಿ ಎರಡಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಹೇಳುವ ಅಗತ್ಯವೂ ಇಲ್ಲ, ಪ್ಯಾಡ್ ಎರಡಕ್ಕೂ ಒಂದೇ. ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಕಾಣುವ ಸೋನಿ ಎಂಡಿಆರ್-7506ರ ಕಪ್ ಮೇಲೆ ನೀಲಿ ಪಟ್ಟಿ, ಅದರ ಹಳೆಯ ಸೋದರ ಎಂಡಿಆರ್-ವಿ6ರ ಮೇಲೆ ಕೆಂಪು ಪಟ್ಟಿ. ಪಟ್ಟಿ ಉದುರಿ ಹೋಗಿದ್ದರೂ ಚಿಂತೆಯಿಲ್ಲ, ಒಂದರ ಪ್ಯಾಡ್ ಇನ್ನೊಂದಕ್ಕೆ ಆಗುತ್ತದೆ. ಸೆನ್‌ಹೈಸರ್ ಎಚ್‌ಡಿ 600, ಎಚ್‌ಡಿ 650 ಕತೆಯೂ ಅದೇ. ಇನ್ನು ಕೆಲವು, ಹೆಸರು ಹತ್ತಿರವಿದ್ದರೂ ನೆಂಟಸ್ತಿಕೆ ಇಲ್ಲದವು. ನಮ್ಮಲ್ಲಿ ಮನೆಮನೆಯಲ್ಲಿರುವ ಬೋಟ್ ಕಂಪನಿಯ ರಾಕರ್ಜ್ 450 ಕಿವಿಯ ಮೇಲೆ ಕೂರುವಂಥದ್ದು, ರಾಕರ್ಜ್ 550 ಕಿವಿಯನ್ನು ಸುತ್ತುವರಿಯುವಂಥದ್ದು. ನಂಬರ್ ನೋಡಿ ಒಂದೇ ಮನೆತನ ಎಂದುಕೊಂಡರೆ ಕೆಟ್ಟಿರಿ.

ಆದ್ದರಿಂದ ಕಪ್‌ನ ಫೋಟೋದಲ್ಲಿ ಮಾಡೆಲ್‌ಗಿಂತ ಮೊದಲು ನೋಡಬೇಕಾದದ್ದು ಪ್ಯಾಡ್ ನಿಂತಿರುವ ಬಗೆ. ಒಂದು ಬಗೆಯಲ್ಲಿ ಪ್ಯಾಡಿನ ಹಿಂದೆ ಎಲಾಸ್ಟಿಕ್ಕಿನಂಥ ಅಂಚು ಇರುತ್ತದೆ. ಅದನ್ನು ಹಿಗ್ಗಿಸಿ, ಕಪ್ ಸುತ್ತಲಿನ ಸಣ್ಣ ಕಾಲುವೆಗೆ ದಿಂಬಿಗೆ ಗವಸು ಹಾಕಿದಂತೆ ತೂರಿಸಿರುತ್ತಾರೆ. ಆಡಿಯೋ-ಟೆಕ್ನಿಕಾದ ಎಂ50ಎಕ್ಸ್, ಬೇಯರ್‌ಡೈನಾಮಿಕ್‌ನ ಡಿಟಿ 770, ಮೇಲೆ ಹೇಳಿದ 7506 ಎಲ್ಲ ಈ ಬಗೆ. ಇಲ್ಲಿ ಮೂರ್ನಾಲ್ಕು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಅಂಚು ಹಿಗ್ಗಿ ಕೂತುಕೊಳ್ಳುತ್ತದೆ. ಚಿಕ್ಕದಾದರೆ ಹೇಗೋ ಎಳೆದು ಹಾಕಬಹುದು, ದೊಡ್ಡದಾದರೆ ಸಡಿಲವಾಗಿ ಕಳಚುತ್ತದೆ. ಇನ್ನೊಂದು ಬಗೆಯಲ್ಲಿ ಪ್ಯಾಡಿನ ಬೆನ್ನಿಗೆ ಪ್ಲಾಸ್ಟಿಕ್ ಬಳೆ ಇರುತ್ತದೆ. ಅದರ ಸಣ್ಣ ಕೊಕ್ಕೆಗಳು ಕಪ್‌ನ ತೂತುಗಳಿಗೆ ‘ಟಕ್’ ಎಂದು ಸಿಕ್ಕಿಕೊಳ್ಳುತ್ತವೆ. ಬೋಸ್, ಸೋನಿಯ ಗದ್ದಲ ತಡೆಯುವ ಹೆಡ್‌ಫೋನುಗಳು ಇಂಥವು. ಇಲ್ಲಿ ರಾಜಿ ಇಲ್ಲ. ಕೊಕ್ಕೆಯ ಜಾಗ ತಪ್ಪಿದರೆ ಪ್ಯಾಡ್ ಕೂರುವುದೇ ಇಲ್ಲ. ಆಯಸ್ಕಾಂತದ್ದು, ತಿರುಗಿಸಿ ಬಿಗಿಯುವುದು, ಅಂಟು ಟೇಪಿನದು ಎಂದು ಬೇರೆಯೂ ಇವೆ. ಫೋಟೋದಲ್ಲಿ ಪ್ಯಾಡಿನ ಅಂಚು ಕಪ್‌ನ ಹೊರಗೋಡೆಯನ್ನು ತಬ್ಬಿದೆಯೋ, ಇಲ್ಲ ಕಪ್ ಮತ್ತು ಪ್ಯಾಡ್ ನಡುವೆ ಕೂದಲೆಳೆಯಂಥ ನೇರ ಬಿರುಕು ಕಾಣುತ್ತದೆಯೋ ನೋಡಿದರೆ ಮೊದಲೆರಡು ಬಗೆಗಳನ್ನು ಹೆಚ್ಚಾಗಿ ಬೇರೆ ಮಾಡಬಹುದು.

ಹುಬ್ಬಳ್ಳಿಯ ಪರಿಚಯದ ಹುಡುಗನೊಬ್ಬ ಕಳಿಸಿದ ಹೆಡ್‌ಫೋನಿನ ವಿಚಾರ ಇದಕ್ಕೆ ಒಳ್ಳೆಯ ಉದಾಹರಣೆ. ಅವನ ಕಾಕಾ ಕೊಟ್ಟದ್ದು, ಡಬ್ಬಿ ಇಲ್ಲ, ಬ್ಯಾಟರಿ ಸತ್ತಿದೆ, ವೈರ್ ಸಿಕ್ಕಿಸಿ ಕೇಳುತ್ತಾನೆ. ‘ಸೋನಿ ಅಂತ ಐತ್ರಿ, ಮುಂದಿಂದೆಲ್ಲಾ ಅಳಿಸಿ ಹೋಗೇತ್ರಿ. ಯಾವುದರ ಒಂದ್ ದೊಡ್ಡ ಪ್ಯಾಡ್ ಹಾಕಿದ್ರ ನಡಿಯೂದಿಲ್ಲೇನ್ರಿ?’ ಎಂದ. ಟಾರ್ಚನ್ನು ಪಕ್ಕದಿಂದ ಹಿಡಿದು ಇನ್ನೊಂದು ಫೋಟೋ ತೆಗೆ ಎಂದೆ. ಹೆಡ್‌ಬ್ಯಾಂಡಿನ ಒಳಮೈಯಲ್ಲಿ WH-1000XM ಎಂಬಷ್ಟು ಎದ್ದು ಬಂತು. ಅದರ ಮುಂದಿನ ಅಂಕಿ ಮಾತ್ರ ಸಂಪೂರ್ಣ ಸವೆದಿತ್ತು. ಬೇಕಾದದ್ದು ಅದೇ ಅಂಕಿ.

ಸೋನಿಯ ಈ ಸಾಲು ಶುರುವಾದದ್ದು 2016ರ ಎಂಡಿಆರ್-1000ಎಕ್ಸ್‌ನಿಂದ. ಅದರ ಹೆಸರಿನ ಮೊದಲ ಅಕ್ಷರಗಳೇ ಬೇರೆ, ಆದ್ದರಿಂದ ಅದು ಲೆಕ್ಕಕ್ಕಿಲ್ಲ. ಉಳಿದವು 2017ರ ಎಕ್ಸ್‌ಎಂ2, 2018ರ ಎಕ್ಸ್‌ಎಂ3, 2020ರ ಎಕ್ಸ್‌ಎಂ4, 2022ರ ಎಕ್ಸ್‌ಎಂ5, 2025ರ ಎಕ್ಸ್‌ಎಂ6. ಕೊನೆಯದು ಇನ್ನೂ ಹೊಸದು, ಪ್ಯಾಡ್ ಉದುರುವ ವಯಸ್ಸಲ್ಲ. ಎಕ್ಸ್‌ಎಂ5 ಆಕಾರದಿಂದಲೇ ಹೊರಗೆ ಹೋಯಿತು. ಅದರ ಕಪ್‌ಗಳು ಒಳಕ್ಕೆ ಮಡಚಿಕೊಳ್ಳುವುದಿಲ್ಲ, ತೋಳು ಒಂದೇ ಸಪೂರ ಕಡ್ಡಿಯಂತೆ ಇಳಿಯುತ್ತದೆ. ಹುಡುಗನ ಫೋಟೋದಲ್ಲಿ ಕಪ್‌ಗಳು ಒಳಕ್ಕೆ ಮಡಚಿದ್ದವು, ತೋಳು ಅಗಲವಾಗಿತ್ತು, ಸೋನಿ ಹೆಸರು ತಾಮ್ರದ ಬಣ್ಣದಲ್ಲಿತ್ತು.

ಮುಂದಿನ ಪ್ರಶ್ನೆ ಚಾರ್ಜ್ ಮಾಡುವ ತೂತಿನದು. ಎಕ್ಸ್‌ಎಂ2ರಲ್ಲಿ ಹಳೆಯ ಮೈಕ್ರೋ ಯುಎಸ್‌ಬಿ, ಎಕ್ಸ್‌ಎಂ3ರಿಂದ ಮುಂದಕ್ಕೆ ಯುಎಸ್‌ಬಿ-ಸಿ. ಕಪ್‌ನ ತಳದ ಫೋಟೋ ಬಂತು. ಎರಡೂ ಬದಿ ದುಂಡಗಿರುವ ಉದ್ದನೆಯ ತೂತು, ಅಂದರೆ ಸಿ. ಹೀಗೆ ಎಕ್ಸ್‌ಎಂ3 ಮತ್ತು ಎಕ್ಸ್‌ಎಂ4 ಎರಡೇ ಉಳಿದವು. ಗೋಜಲಾಗುವುದು ಇಲ್ಲೇ. ಇವೆರಡನ್ನು ಪಕ್ಕಪಕ್ಕ ಇಟ್ಟರೂ ಮಾರುವವನೇ ತಡವರಿಸುತ್ತಾನೆ. ಹೊರಗಿನಿಂದ ಕಾಣುವ ಖಚಿತ ವ್ಯತ್ಯಾಸ ಎಡ ಕಪ್‌ನ ಅಂಚಿನ ಬಟನ್ ಪಕ್ಕದ ಬರಹ. ಎಕ್ಸ್‌ಎಂ3ರಲ್ಲಿ ‘ಎನ್‌ಸಿ/ಆಂಬಿಯೆಂಟ್’ ಎಂದು ಇಂಗ್ಲಿಷಿನಲ್ಲಿ ಬರೆದಿದೆ, ಎಕ್ಸ್‌ಎಂ4ರಲ್ಲಿ ‘ಕಸ್ಟಮ್’ ಎಂದಿದೆ. ಬಟನ್ನು ಸದಾ ಬೆರಳು ತಾಗುವ ಜಾಗ. ಹುಡುಗನ ಹೆಡ್‌ಫೋನಿನಲ್ಲಿ ಅದೂ ಅರ್ಧ ಅಳಿಸಿತ್ತು. ಆದರೂ ಉಳಿದ ಕಲೆಯ ಉದ್ದ ನೋಡಿ. ಒಂದು ಬರಹದಲ್ಲಿ ಆರೇ ಅಕ್ಷರ, ಇನ್ನೊಂದು ಅದಕ್ಕೆ ಸುಮಾರು ಎರಡರಷ್ಟು ಉದ್ದ, ನಡುವೆ ಓರೆಗೆರೆ. ಇಲ್ಲಿದ್ದದ್ದು ಗಿಡ್ಡ ಕಲೆ.

ಗಿಡ್ಡ ಕಲೆಯೊಂದನ್ನೇ ನಂಬಿ ದುಡ್ಡು ಹಾಕುವುದು ಸರಿಯಲ್ಲ. ಇನ್ನೊಂದು ಸಾಕ್ಷಿ ಎಡ ಕಪ್‌ನ ಒಳಗಿದೆ. ಎಕ್ಸ್‌ಎಂ4ರಲ್ಲಿ ಹೆಡ್‌ಫೋನು ತಲೆಯ ಮೇಲಿದೆಯೋ ಇಲ್ಲವೋ ಎಂದು ತಿಳಿಯುವ ಸೆನ್ಸರ್ ಒಂದನ್ನು ಸೇರಿಸಿದರು. ಕಿವಿಯಿಂದ ತೆಗೆದರೆ ಹಾಡು ತಾನಾಗಿ ನಿಲ್ಲುವುದು ಅದರಿಂದ. ಎಕ್ಸ್‌ಎಂ3ರಲ್ಲಿ ಅದು ಇಲ್ಲ. ಎಡಗಡೆಯ ಪ್ಯಾಡಿನ ಗುಂಡಿಯೊಳಗೆ, ಸ್ಪೀಕರ್ ಮುಚ್ಚಿದ ಬಟ್ಟೆಯ ನಡುವೆ ಸಣ್ಣ ಕಪ್ಪು ಕಿಟಕಿಯಂತೆ ಕಾಣುತ್ತದೆ. ಎಡ ಯಾವುದು, ಬಲ ಯಾವುದು ಎಂಬ ಅಕ್ಷರವೇ ಹೋಗಿದ್ದರೂ ದಾರಿಯಿದೆ. ಸೋನಿಯವರು ಕಣ್ಣು ಕಾಣದವರಿಗೂ ತಿಳಿಯಲೆಂದು ಎಡಬದಿಗೆ ಬೆರಳಿಗೆ ಸಿಗುವ ಪುಟ್ಟ ಚುಕ್ಕೆ ಇಟ್ಟಿರುತ್ತಾರೆ. ಹುಡುಗ ಚುಕ್ಕೆ ಸವರಿ ನೋಡಿ, ಆ ಕಪ್‌ನ ಒಳಗಿನ ಫೋಟೋ ಕಳಿಸಿದ. ಕಿಟಕಿ ಇತ್ತು. ಎಕ್ಸ್‌ಎಂ4 ಎಂಬುದು ಖಾತ್ರಿಯಾಯಿತು.

‘ಎರಡೂ ಒಂದೇ ಆಕಾರ ಅಂದ ಮ್ಯಾಲೆ ಮೂರರ ಪ್ಯಾಡ ಸೋವಿ ಸಿಗತಾವಲ್ರಿ’ ಎಂದು ಅವನು ಕೇಳಿದ್ದು ನ್ಯಾಯವೇ. ಅಂಗಡಿಗಳು ಇವನ್ನು ಬೇರೆಬೇರೆಯಾಗಿ ಮಾರುವುದಕ್ಕೆ ಕಾರಣ ಆ ಕಿಟಕಿ. ಎಡ ಪ್ಯಾಡಿನ ಒಳಬಟ್ಟೆ ಸೆನ್ಸರಿಗೆ ಜಾಗ ಬಿಡದೆ ಮುಚ್ಚಿಬಿಟ್ಟರೆ, ಎದುರಿಗೆ ಕಿವಿ ಇದೆ ಎಂದೇ ಅದು ತಿಳಿಯಬಹುದು. ಆಮೇಲೆ ಹೆಡ್‌ಫೋನನ್ನು ಮೇಜಿನ ಮೇಲಿಟ್ಟರೂ ಹಾಡು ಓಡುತ್ತಲೇ ಇರುತ್ತದೆ. ಸೋನಿಯ ಆ್ಯಪ್‌ನಲ್ಲಿ ಆ ಸೌಲಭ್ಯವನ್ನು ಬಂದ್ ಮಾಡಿಕೊಂಡು ಬದುಕಬಹುದು, ಇಲ್ಲವೆಂದಲ್ಲ. ಜೊತೆಗೆ ಎಕ್ಸ್‌ಎಂ4ರ ಪ್ಯಾಡ್ ಚರ್ಮಕ್ಕೆ ತಾಗುವ ಜಾಗವನ್ನು ಸೋನಿ ಸ್ವಲ್ಪ ಹೆಚ್ಚಿಸಿದೆ. ನನ್ನ ಮಟ್ಟಿಗೆ, ಹೆಸರು ಖಚಿತವಾದ ಮೇಲೆ ಆ ಹೆಸರಿನದೇ ಪ್ಯಾಡ್ ಕೊಳ್ಳುವುದು ಸರಿ. ‘3 ಮತ್ತು 4 ಎರಡಕ್ಕೂ’ ಎಂದು ಬರೆದಿರುವ ಮಾಲಿನ ಚಿತ್ರದಲ್ಲಿ ಎಡ ಪ್ಯಾಡಿಗೆ ಕಿಂಡಿ ಕಾಣದಿದ್ದರೆ ಅದನ್ನು ಬಿಟ್ಟುಬಿಡಬೇಕು.

ಏನು ಮಾಡಿದರೂ ಹೆಸರು ಸಿಗದ ಹೆಡ್‌ಫೋನುಗಳೂ ಬಹಳ. ಹೆಸರಿಲ್ಲದ ಕಂಪನಿಯವು, ಎಲ್ಲೋ ಉಡುಗೊರೆ ಬಂದವು. ಇವುಗಳಿಗೆ ಅಳತೆಯೇ ಹೆಸರು. ಆದರೆ ಹಳೆಯ ಪ್ಯಾಡನ್ನು ಅಳೆಯಬಾರದು. ಫೋಮ್ ಕುಸಿದು ಅಗಲವಾಗಿ ಹರಡಿರುತ್ತದೆ, ಅಳತೆ ಹೆಚ್ಚು ಬರುತ್ತದೆ. ಪ್ಯಾಡ್ ತೆಗೆದು, ಅದು ಕೂರುವ ಕಪ್‌ನ ಅಂಚಿನ ಉದ್ದ, ಅಗಲ ನೋಡಬೇಕು. ಹತ್ತಿರದಲ್ಲಿ ಸ್ಕೇಲ್ ಇಲ್ಲದವರು ಫೋಟೋದಲ್ಲಿ ನಮ್ಮ ಮೆಟ್ರೊ ಕಾರ್ಡನ್ನೋ ಯಾವುದಾದರೂ ಹಳೆಯ ಪ್ಲಾಸ್ಟಿಕ್ ಕಾರ್ಡನ್ನೋ ಕಪ್‌ನ ಅಂಚಿನ ಮಟ್ಟಕ್ಕೆ ಸರಿಯಾಗಿ ಇಟ್ಟರೆ ಸಾಕು. ಬ್ಯಾಂಕ್ ಕಾರ್ಡುಗಳು ಸೇರಿ ಈ ಕಾರ್ಡುಗಳಿಗೆಲ್ಲ ಒಂದೇ ಅಳತೆ, 85.6 ಮಿ.ಮೀ. ಉದ್ದ, 54 ಮಿ.ಮೀ. ಅಗಲ. ಬ್ಯಾಂಕಿನದನ್ನು ಮಾತ್ರ ನಂಬರ್ ಕಾಣುವಂತೆ ಇಟ್ಟು ಯಾರಿಗೂ ಕಳಿಸಬೇಡಿ.

ಫೋಟೋವನ್ನು ಮೂಗಿನ ಹತ್ತಿರ ಹಿಡಿದು ತೆಗೆದರೆ ಹತ್ತಿರದ ವಸ್ತು ಉಬ್ಬಿ ಕಾಣುತ್ತದೆ. ಒಂದು ಮೀಟರ್ ದೂರ ನಿಂತು, ಎರಡು ಪಟ್ಟು ಜೂಮ್ ಮಾಡಿ, ನೇರ ಮೇಲಿನಿಂದ ತೆಗೆಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ತೆರೆದು ಪರದೆಯ ಮೇಲೆ ಸ್ಕೇಲ್ ಇಡಿ. ಕಾರ್ಡಿನ ಉದ್ದ ಪರದೆಯಲ್ಲಿ 107 ಮಿ.ಮೀ., ಕಪ್‌ನ ಉದ್ದ 112 ಮಿ.ಮೀ. ಬಂತು ಎಂದುಕೊಳ್ಳಿ. 85.6ನ್ನು 112ರಿಂದ ಗುಣಿಸಿ 107ರಿಂದ ಭಾಗಿಸಿದರೆ 89.6, ಅಂದರೆ ಕಪ್‌ನ ನಿಜವಾದ ಉದ್ದ ಹತ್ತಿರ ಹತ್ತಿರ 9 ಸೆಂಟಿಮೀಟರ್. ಅಗಲವನ್ನೂ ಹೀಗೆಯೇ ತೆಗೆಯಬೇಕು. ಹೆಡ್‌ಫೋನ್ ಜಾಕಿನ ತೂತು 3.5 ಮಿ.ಮೀ. ಇದೆಯಲ್ಲ, ಅದನ್ನೇ ಅಳತೆಗೋಲು ಮಾಡಿಕೊಳ್ಳೋಣ ಎಂದು ಕೆಲವರು ಜಾಣತನ ತೋರುತ್ತಾರೆ. ಅಷ್ಟು ಸಣ್ಣದರಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ 9 ಸೆಂಟಿಮೀಟರಿನಲ್ಲಿ ಒಂದು ಸೆಂಟಿಮೀಟರಿಗೂ ಹೆಚ್ಚು ತಪ್ಪುತ್ತದೆ. ಅಳತೆ ಸಿಕ್ಕ ಮೇಲೂ ಇದು ಎಲಾಸ್ಟಿಕ್ ಅಂಚಿನ ಬಗೆಗೆ ಮಾತ್ರ ಸಾಲುತ್ತದೆ. ಕೊಕ್ಕೆಯ ಬಳೆ ಇರುವ, ಹೆಸರು ಸಿಗದ ಹೆಡ್‌ಫೋನಾದರೆ ಹಳೆಯ ಬಳೆಯನ್ನು ಹುಷಾರಾಗಿ ಬಿಡಿಸಿಟ್ಟುಕೊಂಡು, ಹೊಸ ಮೆತ್ತೆಯನ್ನು ಅದಕ್ಕೆ ಅಂಟಿಸುವುದೊಂದೇ ದಾರಿ.

ಪ್ಯಾಡ್ ಬಂದ ಮೇಲೆ ಕೆಡುವುದು ಹೆಚ್ಚಾಗಿ ಒಂದೇ ಕಡೆ. ಹಳೆಯ ಪ್ಯಾಡ್ ಎಳೆದಾಗ ಮೆತ್ತೆ ಮಾತ್ರ ಹರಿದು ಬಂದು, ಅದರ ಪ್ಲಾಸ್ಟಿಕ್ ಬಳೆ ಕಪ್‌ನಲ್ಲೇ ಉಳಿದಿರುತ್ತದೆ. ಕಪ್ಪು ಕಪ್‌ನ ಮೇಲೆ ಕಪ್ಪು ಬಳೆ, ಕಣ್ಣಿಗೆ ಬೀಳುವುದಿಲ್ಲ. ಹೊಸ ಪ್ಯಾಡಿಗೆ ತನ್ನದೇ ಬಳೆ ಇದ್ದರೆ ಎಷ್ಟು ಒತ್ತಿದರೂ ಅದು ಕೂರುವುದಿಲ್ಲ, ‘ತಪ್ಪು ಮಾಲು ಬಂತು’ ಎಂದು ವಾಪಸು ಕಳಿಸುತ್ತಾರೆ. ಉಗುರಿನಿಂದಲೋ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದಲೋ ಸುತ್ತ ಮೀಟಿ ಬಳೆಯನ್ನು ಮೊದಲು ಬಿಡಿಸಬೇಕು. ಸ್ಕ್ರೂಡ್ರೈವರ್ ಬೇಡ. ಜಾರಿದರೆ ಸ್ಪೀಕರಿನ ಪೊರೆಗೇ ಚುಚ್ಚುತ್ತದೆ.

ಹಾಕಿದ ಮೇಲೆ ಹಾಡಿನ ಮಂದ್ರ ಸಣಕಲಾಗಿ ಕೇಳಿದರೆ ಅಥವಾ ಹೊರಗಿನ ಗದ್ದಲ ಮುಂಚಿಗಿಂತ ಹೆಚ್ಚು ಒಳಬಂದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದೇ ಅರ್ಥ. ಸುತ್ತಲೂ ಬೆರಳಿನಿಂದ ಒತ್ತುತ್ತಾ ಬನ್ನಿ, ಸಿಕ್ಕಿಕೊಳ್ಳದೆ ಉಳಿದ ಕೊಕ್ಕೆ ‘ಟಕ್’ ಎನ್ನುತ್ತದೆ. ಎಲ್ಲ ಕೊಕ್ಕೆ ಸಿಕ್ಕ ಮೇಲೂ ಹಾಗೇ ಇದ್ದರೆ ಪ್ಯಾಡೇ ದಪ್ಪ ಅಥವಾ ತೆಳು. ಸ್ಪೀಕರ್ ಕಿವಿಯಿಂದ ದೂರ ಸರಿದರೂ ಹತ್ತಿರ ಬಂದರೂ ಧ್ವನಿ ಬದಲಾಗುತ್ತದೆ. ಅದು ನಿಮ್ಮ ಭ್ರಮೆಯಲ್ಲ.

ಮನೆಯಲ್ಲಿ ಪ್ಯಾಡ್ ಇನ್ನೂ ಚೆನ್ನಾಗಿರುವ ಹೆಡ್‌ಫೋನಿದ್ದರೆ ಇವತ್ತೇ ಸ್ಲೈಡರ್ ಎಳೆದು, ಒಳಮೈಯಲ್ಲಿರುವ ಹೆಸರಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪ್ಯಾಡ್ ಉದುರುವ ಹೊತ್ತಿಗೆ ಆ ಹೆಸರೂ ಸವೆದಿರುತ್ತದೆ.